ತಿಂಗಳಿಗೆ ಎಂಟು ಪೋಸ್ಟರ್

ತಾಲ್ಲೂಕು ಕೇಂದ್ರದ ಒಂದು ಸೀರೆ ಅಂಗಡಿ ಎಂದುಕೊಳ್ಳಿ. ಗಂಡ, ಹೆಂಡತಿ, ಕೆಲಸಕ್ಕೊಬ್ಬ ಹುಡುಗಿ. ಶ್ರಾವಣ ಬಂತೆಂದರೆ ಊಟಕ್ಕೂ ಪುರುಸೊತ್ತಿಲ್ಲ. ಅಂಗಡಿಯ ಫೇಸ್‌ಬುಕ್ ಪುಟದಲ್ಲಿ ಮಾತ್ರ ಹೋದ ದೀಪಾವಳಿಯ ಶುಭಾಶಯವೇ ಇನ್ನೂ ಕೂತಿದೆ. ಇಂಥ ಅಂಗಡಿಗಳ ಪುಟ, ವಾಟ್ಸ್‌ಆ್ಯಪ್ ಸ್ಟೇಟಸ್, ಪೋಸ್ಟರ್ ನೋಡಿಕೊಂಡು ತಿಂಗಳಿಗಿಷ್ಟು ಎಂದು ಹಣ ಪಡೆಯುವವರು ಈಗ ಸಣ್ಣ ಊರುಗಳಲ್ಲೂ ಇದ್ದಾರೆ. ಹೆಚ್ಚಿನವರು ಇದನ್ನು ಡಿಸೈನ್ ಕೆಲಸ ಎಂದುಕೊಳ್ಳುತ್ತಾರೆ. ನನ್ನ ಪ್ರಕಾರ ಇದು ಮೊದಲು ವ್ಯಾಪಾರ ತಿಳಿಯುವ ಕೆಲಸ, ಡಿಸೈನ್ ಆಮೇಲೆ.

ವರಮಹಾಲಕ್ಷ್ಮಿ ಹಬ್ಬವನ್ನೇ ನೋಡಿ. ಶ್ರಾವಣ ಹುಣ್ಣಿಮೆಗೆ ಮುಂಚಿನ ಶುಕ್ರವಾರ ಹಬ್ಬ. ಆ ದಿನ ಉಡಬೇಕಾದ ಸೀರೆಗೆ ಬ್ಲೌಸ್ ಹೊಲಿಸಬೇಕು, ಟೈಲರ್‌ಗೆ ವಾರವಾದರೂ ಬೇಕು. ಹಾಗಾಗಿ ಸೀರೆಯ ಪೋಸ್ಟರ್ ಹಬ್ಬಕ್ಕೆ ಹದಿನೈದು ದಿನ ಮೊದಲೇ ಜನರ ಕಣ್ಣಿಗೆ ಬೀಳಬೇಕು. ಹಬ್ಬದ ಬೆಳಿಗ್ಗೆ ಹಾಕುವ ಶುಭಾಶಯದಿಂದ ಒಂದು ಸೀರೆಯೂ ಮಾರಾಟವಾಗುವುದಿಲ್ಲ. ಬಾಗಿನಕ್ಕೆ ಬೇಕಾದ ಕಡಿಮೆ ಬೆಲೆಯ ಸೀರೆ, ಬ್ಲೌಸ್ ಪೀಸ್‌ಗಳ ಪೋಸ್ಟರ್ ಆದರೆ ಹಬ್ಬದ ಹಿಂದಿನ ಮೂರ‍್ನಾಲ್ಕು ದಿನಗಳಲ್ಲಿ ಬಂದರೂ ನಡೆಯುತ್ತದೆ. ಈ ಲೆಕ್ಕ ಮಾಲೀಕರ ತಲೆಯಲ್ಲಿರುತ್ತದೆ. ಕೂತು ಕೇಳಿ, ಕ್ಯಾಲೆಂಡರಿನಲ್ಲಿ ಬರೆದುಕೊಳ್ಳಬೇಕು.

ಇನ್ನು ಫೋಟೊ. ಟ್ಯೂಬ್‌ಲೈಟ್ ಕೆಳಗೆ ತೆಗೆದರೆ ಬಣ್ಣ ಬದಲಾಗುತ್ತದೆ, ಫ್ಲ್ಯಾಶ್ ಹಾಕಿದರೆ ಜರಿ ಬೆಳ್ಳಗೆ ಹೊಳೆದು ವಿನ್ಯಾಸವೇ ಕಾಣುವುದಿಲ್ಲ. ಬೆಳಿಗ್ಗೆ ಅಂಗಡಿ ತೆರೆದ ಕೂಡಲೇ, ನೇರ ಬಿಸಿಲು ಬೀಳದ ಬಾಗಿಲ ಹತ್ತಿರ ಸೀರೆ ಹರಡಿ, ಸೆರಗು ಮತ್ತು ಅಂಚು ಎರಡೂ ಕಾಣುವಂತೆ ತೆಗೆಯಬೇಕು. ಗೂಗಲ್‌ನಲ್ಲಿ ಸಿಕ್ಕ ಚೆಂದದ ಸೀರೆಯ ಚಿತ್ರ ಹಾಕುವವರಿದ್ದಾರೆ. ಅದು ಬೇರೆಯವರ ಚಿತ್ರ. ಮೇಲಾಗಿ, ಆ ಸೀರೆಯನ್ನೇ ಕೇಳಿಕೊಂಡು ಬಂದ ಗಿರಾಕಿಗೆ ಅಂಗಡಿಯವರು ಏನು ಉತ್ತರ ಕೊಡಬೇಕು?

ಕನ್ನಡದ ಅಕ್ಷರ ಕೆಡುವುದು ಪೋಸ್ಟರಿನಲ್ಲಿ ತೀರಾ ಸಾಮಾನ್ಯ. ಹಳೆಯ ನುಡಿ ಫಾಂಟಿನಲ್ಲಿ ಟೈಪಾದ ಸಾಲನ್ನು ಫೋನಿಗೆ ತಂದರೆ ಅರ್ಥವಿಲ್ಲದ ಚಿಹ್ನೆಗಳಾಗುತ್ತವೆ. ಯೂನಿಕೋಡ್‌ನಲ್ಲೇ ಟೈಪ್ ಮಾಡಬೇಕು. ಕ್ಯಾನ್ವಾದಂಥ ಆ್ಯಪ್‌ಗಳಲ್ಲಿ ಸಾಲುಗಳ ನಡುವೆ ಇಂಗ್ಲಿಷಿಗಿಂತ ಹೆಚ್ಚು ಜಾಗ ಬಿಡಿ. ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಬೆಲೆಯನ್ನು ದಪ್ಪಕ್ಷರದಲ್ಲಿ ಬರೆಯಿರಿ, ರಿಯಾಯಿತಿ ಎಂದಿನವರೆಗೆ ಎಂಬುದನ್ನೂ ಸೇರಿಸಿ. ತಾರೀಖು ಬಿಟ್ಟರೆ ಹಬ್ಬ ಮುಗಿದ ಮೇಲೂ ಅದೇ ಪೋಸ್ಟರ್ ತೋರಿಸಿ ಚೌಕಾಸಿ ಮಾಡುವವರು ಬರುತ್ತಾರೆ.

ಸಂಬಳದ ಲೆಕ್ಕಕ್ಕೆ ಬರೋಣ. ಉದಾಹರಣೆಗೆ, ತಿಂಗಳಿಗೆ 3,000 ರೂಪಾಯಿಗೆ ಎಂಟು ಪೋಸ್ಟರ್ ಎಂದು ಒಪ್ಪಿಕೊಂಡಿರಿ. ಒಂದಕ್ಕೆ ಮುಕ್ಕಾಲು ಗಂಟೆಯಂತೆ 6 ಗಂಟೆ. ಫೋಟೊಗೆ ಎರಡು ಭೇಟಿ, 3 ಗಂಟೆ. ಸ್ಟೇಟಸ್ ಹಾಕಲು, ಬಂದ ಪ್ರಶ್ನೆಗಳನ್ನು ಮಾಲೀಕರಿಗೆ ಮುಟ್ಟಿಸಲು ದಿನಕ್ಕೆ 10 ನಿಮಿಷ, ತಿಂಗಳಿಗೆ 5 ಗಂಟೆ. ಒಟ್ಟು 14 ಗಂಟೆಗೆ 3,000, ಅಂದರೆ ಗಂಟೆಗೆ ಹೆಚ್ಚುಕಡಿಮೆ 214 ರೂಪಾಯಿ. ಆದರೆ ‘ಬಣ್ಣ ಬದಲಿಸಿ’, ‘ನಮ್ಮ ತಂದೆಯವರ ಫೋಟೊ ಹಾಕಿ’ ಎಂದು ಪ್ರತಿ ಪೋಸ್ಟರಿಗೂ ಇನ್ನೊಂದು ಗಂಟೆ ಹೋದರೆ ಆ ದುಡ್ಡು 136ಕ್ಕೆ ಇಳಿಯುತ್ತದೆ. ಈ ಕೆಲಸ ಬಿಟ್ಟವರಲ್ಲಿ ಅನೇಕರು ಸೋತದ್ದು ಇಲ್ಲೇ ಎಂದು ನನಗನ್ನಿಸುತ್ತದೆ. ಪೋಸ್ಟರಿಗೆ ಎರಡು ತಿದ್ದುಪಡಿ ಮಾತ್ರ, ಬೆಲೆ ಮತ್ತು ಸ್ಟಾಕಿನ ವಿವರ ಎರಡು ದಿನ ಮೊದಲೇ ಬರಬೇಕು, ಜಾಹೀರಾತಿನ ಹಣ ಬೇರೆ ಎಂದು ಮೊದಲ ದಿನವೇ ಬರೆದುಕೊಡುವುದು ಇಬ್ಬರಿಗೂ ಕ್ಷೇಮ.

ಪೋಸ್ಟರ್ ಎಷ್ಟು ಜನಕ್ಕೆ ಮುಟ್ಟುತ್ತದೆ ಎಂಬುದಕ್ಕೂ ಮಿತಿಯಿದೆ. ವಾಟ್ಸ್‌ಆ್ಯಪ್ ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ 256 ಮಂದಿಯನ್ನು ಸೇರಿಸಬಹುದು, ಆದರೆ ಅಂಗಡಿಯ ನಂಬರನ್ನು ಸೇವ್ ಮಾಡಿಕೊಂಡವರಿಗಷ್ಟೇ ಸಂದೇಶ ಹೋಗುತ್ತದೆ. ಬಿಲ್ ಹಾಕುವಾಗಲೇ ‘ನಂಬರ್ ಸೇವ್ ಮಾಡ್ಕೊಳ್ಳಿ ಅಕ್ಕಾ, ಹೊಸ ಸ್ಟಾಕ್ ಬಂದಾಗ ಹಾಕ್ತೀವಿ’ ಎಂದು ಹೇಳುವುದು ಅಂಗಡಿಯವರ ಪಾಲಿನ ಕೆಲಸ. ಫಲ ಸಿಕ್ಕಿತೇ ಎಂದು ತಿಳಿಯಲು ಲೈಕ್ ಎಣಿಸಬೇಡಿ. ದೂರದೂರಿನ ಲೈಕಿನಿಂದ ಈ ಅಂಗಡಿಗೆ ಆಗುವುದೇನೂ ಇಲ್ಲ. ಗಲ್ಲಾದ ಪಕ್ಕ ಒಂದು ನೋಟ್‌ಬುಕ್ ಇಟ್ಟು, ಫೋನಿನಲ್ಲಿ ನೋಡಿ ಬಂದೆವು ಎನ್ನುವ ಪ್ರತಿ ಗಿರಾಕಿಗೂ ಒಂದು ಗೆರೆ ಎಳೆಯಲಿ. ಗೂಗಲ್ ಮ್ಯಾಪ್‌ನಲ್ಲಿರುವ ಅಂಗಡಿಯ ಪ್ರೊಫೈಲ್ ಕೂಡ ಎಷ್ಟು ಮಂದಿ ಅಲ್ಲಿಂದ ಕರೆ ಮಾಡಿದರು, ದಾರಿ ಹುಡುಕಿದರು ಎಂದು ತೋರಿಸುತ್ತದೆ.

ಅಂಗಡಿಯವರಿಗೆ ಒಂದು ಮಾತು ಒತ್ತಿ ಹೇಳಬೇಕು. ಪುಟವನ್ನು ಯಾರೇ ನೋಡಿಕೊಳ್ಳಲಿ, ಅದರ ಪೂರ್ಣ ಹಕ್ಕು ನಿಮ್ಮ ಖಾತೆಯಲ್ಲೇ ಇರಲಿ. ಫೇಸ್‌ಬುಕ್ ಪುಟಕ್ಕೂ ಗೂಗಲ್ ಪ್ರೊಫೈಲಿಗೂ ಪಾಸ್‌ವರ್ಡ್ ಕೊಡದೆಯೇ ಇನ್ನೊಬ್ಬರನ್ನು ಸೇರಿಸಬಹುದು, ಬೇಡವಾದಾಗ ತೆಗೆಯಬಹುದು. ಡಿಸೈನ್ ಮಾಡುವ ಹುಡುಗ ತನ್ನ ಖಾತೆಯಲ್ಲೇ ಪುಟ ತೆರೆದು, ಆಮೇಲೆ ಊರು ಬಿಟ್ಟರೆ ನಿಮ್ಮ ಅಂಗಡಿಯ ಹೆಸರು, ವರ್ಷಗಟ್ಟಲೆ ಬಂದ ಗಿರಾಕಿಗಳ ಮೆಸೇಜು ಎಲ್ಲವೂ ಅವನ ಕೈಯಲ್ಲೇ ಉಳಿಯುತ್ತವೆ. ಈಗಾಗಲೇ ಯಾರಿಗಾದರೂ ಈ ಕೆಲಸ ಒಪ್ಪಿಸಿದ್ದರೆ, ಪುಟ ಯಾರ ಖಾತೆಯಲ್ಲಿದೆ ಎಂದು ಇವತ್ತೇ ಕೇಳಿ ನೋಡಿ.