ತಾ. ಎಂದರೆ ತಾರೀಖೋ, ತಾಲ್ಲೂಕೋ?

ಊರಿನ ಗ್ರಂಥಾಲಯದ ಗೋಡೆಯ ಮೇಲೆ ಇಂಥದೊಂದು ಪ್ರಕಟಣೆ ಇದೆ ಎಂದುಕೊಳ್ಳಿ: "ಕನ್ನಡ ಬೆರಳಚ್ಚು ತರಗತಿ. ತಾ. 5-4-2026, ಬೆ. 10:30. ಸ್ಥಳ: ಶಾಲೆಯ ಸಭಾಂಗಣ, ಸಾಗರ ತಾ. ದೂರದವರು ಆನ್‌ಲೈನ್‌ನಲ್ಲೂ ಸೇರಬಹುದು. ಬರುವ ಮುನ್ನ knfnw ಒತ್ತಿ, ಕನ್ನಡ ಎಂದು ಮೂಡುತ್ತದೆಯೇ ನೋಡಿಕೊಳ್ಳಿ."

ಇದನ್ನು ಫೋನಿನಲ್ಲಿ ಯಾರಿಗಾದರೂ ಓದಿ ಹೇಳಿದರೆ ಮೊದಲನೆಯ "ತಾ."ವನ್ನು ತಾರೀಖು ಎನ್ನುತ್ತೀರಿ, ಎರಡನೆಯದನ್ನು ತಾಲ್ಲೂಕು ಎನ್ನುತ್ತೀರಿ. 5-4 ಎಂದರೆ ಏಪ್ರಿಲ್ ಐದು ಎನ್ನುತ್ತೀರಿ. knfnw ಬಂದಾಗ ಸ್ವಲ್ಪ ತಡೆದು, "ಇವು ಒತ್ತಬೇಕಾದ ಕೀಲಿಗಳು, ಒಂದೊಂದಾಗಿ ಬರೆದುಕೊಳ್ಳಿ" ಎನ್ನುತ್ತೀರಿ. ಇದ್ಯಾವುದೂ ಕಾಗದದ ಮೇಲೆ ಬರೆದಿಲ್ಲ. ನಿಮಗೆ ಗೊತ್ತಿದೆ, ಅಷ್ಟೆ.

ಅದೇ ಪ್ರಕಟಣೆ ವೆಬ್ ಪುಟವಾದಾಗ ಅದನ್ನು ಓದುವವರಲ್ಲಿ ಇದೆಲ್ಲ ಗೊತ್ತಿಲ್ಲದವರೂ ಸೇರಿಕೊಳ್ಳುತ್ತಾರೆ. ಕಣ್ಣು ಕಾಣದವರಿಗೆ ಪುಟವನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಇದೆ, ದಿನಾಂಕ ಹೆಕ್ಕುವ ತಂತ್ರಾಂಶವಿದೆ, ಬೇರೆ ಭಾಷೆಗೆ ಅನುವಾದಿಸುವ ಯಂತ್ರವಿದೆ. ಇವಕ್ಕೆಲ್ಲ 5-4-2026 ಬರೀ ಅಂಕಿಗಳ ಸಾಲು. ವೆಬ್ ಪುಟಗಳನ್ನು ಬರೆಯುವ ಎಚ್‌ಟಿಎಂಎಲ್‌ನಲ್ಲಿ ಇಂಥ ಸಣ್ಣ ತುಣುಕುಗಳಿಗೆ ಅವು ಏನೆಂದು ಹೆಸರಿಡಲು ಪುಟ್ಟ ಟ್ಯಾಗ್‌ಗಳಿವೆ. ಅವುಗಳಲ್ಲಿ ಐದನ್ನು ಈ ಪ್ರಕಟಣೆಗೇ ಹಚ್ಚಿ ನೋಡೋಣ. ಪ್ರತಿಯೊಂದೂ ಏನು ಮಾಡುತ್ತದೆ ಎಂಬುದರ ಜೊತೆಗೆ ಏನು ಮಾಡುವುದಿಲ್ಲ ಎಂಬುದನ್ನೂ ತಿಳಿದಿರಬೇಕು. ಹೆಚ್ಚಿನ ತಪ್ಪುಗಳು ಆಗುವುದು ಅಲ್ಲಿಯೇ.

ಓದುವವರಿಗೊಂದು ದಿನಾಂಕ, ಯಂತ್ರಕ್ಕೊಂದು ದಿನಾಂಕ

5-4-2026 ನಮಗೆ ಏಪ್ರಿಲ್ 5, ಭಾನುವಾರ. ಅಮೆರಿಕದ ರೂಢಿಯಲ್ಲಿ ತಿಂಗಳು ಮೊದಲು ಬರುವುದರಿಂದ ಅಲ್ಲಿ ಬೆಳೆದವರಿಗೆ ಅದು ಮೇ 4, ಸೋಮವಾರ. `time` ಟ್ಯಾಗ್ ಈ ಗೊಂದಲವನ್ನು ಹೀಗೆ ಬಿಡಿಸುತ್ತದೆ:

```html
<time datetime="2026-04-05T10:30+05:30">
ಏಪ್ರಿಲ್ 5, ಭಾನುವಾರ ಬೆಳಿಗ್ಗೆ 10:30</time>
```

ಒಳಗಿರುವ ಕನ್ನಡ ಓದುವವರಿಗೆ. `datetime` ಎದುರು ಇರುವುದು ಯಂತ್ರಕ್ಕೆ. ಅಲ್ಲಿ ಕ್ರಮ ಬದಲಾಗುವಂತಿಲ್ಲ: ನಾಲ್ಕಂಕಿಯ ವರ್ಷ, ಎರಡಂಕಿಯ ತಿಂಗಳು, ಎರಡಂಕಿಯ ದಿನ. `T` ಆದಮೇಲೆ ಸಮಯ. ಕೊನೆಯ `+05:30` ಇದು ಭಾರತದ ಗಡಿಯಾರ ಎಂದು ಹೇಳುತ್ತದೆ. ಈ ಒಂದು ಬಾಲ ಇದ್ದರೆ ಸ್ಯಾನ್ ಹೊಸೆಯಲ್ಲಿರುವ ಕನ್ನಡಿಗರ ಕ್ಯಾಲೆಂಡರ್ ತಂತ್ರಾಂಶವು ತರಗತಿ ಅವರಿಗೆ ಏಪ್ರಿಲ್ 4ರ ಶನಿವಾರ ರಾತ್ರಿ 10ಕ್ಕೆ ಎಂದು ಲೆಕ್ಕ ಹಾಕಬಹುದು. ಬಾಲ ಬಿಟ್ಟರೆ 10:30 ಯಾವ ಊರಿನದು ಎಂದು ಯಂತ್ರಕ್ಕೆ ತಿಳಿಯುವ ದಾರಿಯೇ ಇಲ್ಲ.

ಕನ್ನಡದಲ್ಲಿ ಬರೆಯುವವರು ಇಲ್ಲಿ ಎರಡು ಕಡೆ ಎಡವುತ್ತಾರೆ. ಒಂದು, ಒಳಗಿನ ಪಠ್ಯದಲ್ಲಿ ೫ ಎಂದು ಕನ್ನಡ ಅಂಕಿ ಬಳಸಬಹುದು, ಆದರೆ `datetime` ಒಳಗೆ ೨೦೨೬ ಎಂದು ಬರೆದರೆ ನಿಯಮದ ಪ್ರಕಾರ ಅದು ದಿನಾಂಕವೇ ಅಲ್ಲ. ಅಲ್ಲಿ 0ಯಿಂದ 9ರವರೆಗಿನ ಅಂಕಿಗಳು ಮಾತ್ರ ಸಲ್ಲುತ್ತವೆ. ಎರಡು, `datetime` ಬರೆಯದೆ ಬರೀ `time` ಹಾಕಿದರೆ ಒಳಗಿನ ಪಠ್ಯವನ್ನೇ ಯಂತ್ರ ದಿನಾಂಕವೆಂದು ಓದಲು ಹೋಗುತ್ತದೆ. "ಏಪ್ರಿಲ್ 5, ಭಾನುವಾರ" ಎಂಬುದರಿಂದ ಅದಕ್ಕೆ ಏನೂ ಸಿಗುವುದಿಲ್ಲ.

ಈ ಟ್ಯಾಗ್‌ಗೆ ಗೊತ್ತಿರುವುದು ಗ್ರೆಗೋರಿಯನ್ ಕ್ಯಾಲೆಂಡರ್ ಒಂದೇ. "ಈ ವರ್ಷದ ಯುಗಾದಿ" ಎಂಬ ಮಾತನ್ನು `time` ಒಳಗಿಟ್ಟು `datetime="2026-03-19"` ಎನ್ನಬಹುದು. ಚೈತ್ರ ಶುದ್ಧ ಪಾಡ್ಯ ಎಂಬುದನ್ನು ಆ ತಾರೀಖಿಗೆ ತಿರುಗಿಸುವ ಕೆಲಸ ಮಾತ್ರ ನಮ್ಮದೇ. ಹಲ್ಮಿಡಿ ಶಾಸನದ ಕಾಲದಂತೆ "ಸುಮಾರು" ಎಂದು ಹೇಳಬೇಕಾದಲ್ಲಿ ಈ ಟ್ಯಾಗ್ ಹಾಕದಿರುವುದೇ ಸರಿ, ಏಕೆಂದರೆ ಅಂದಾಜನ್ನು ಬರೆಯಲು ಇದರಲ್ಲಿ ಜಾಗವಿಲ್ಲ.

ಇಷ್ಟೆಲ್ಲ ಮಾಡಿದರೂ ಪರದೆಯ ಮೇಲೆ ಏನೂ ಬದಲಾಗುವುದಿಲ್ಲ. ಬ್ರೌಸರ್ ತಾನಾಗಿ ದಿನಾಂಕವನ್ನು ಪರಿವರ್ತಿಸುವುದಿಲ್ಲ. ಬಳಸಿಕೊಳ್ಳುವ ತಂತ್ರಾಂಶಕ್ಕೆ ಗಟ್ಟಿಯಾದ ಆಧಾರ ಸಿಗುತ್ತದೆ, ಅಷ್ಟೆ. ಈ ಕಾಣದ ಗುಣದಿಂದಲೋ ಏನೋ, 2011ರ ಅಕ್ಟೋಬರ್ ಕೊನೆಯಲ್ಲಿ ಎಚ್‌ಟಿಎಂಎಲ್ ನಿಯಮಾವಳಿಯ ಸಂಪಾದಕ ಇಯಾನ್ ಹಿಕ್ಸನ್ `time` ಅನ್ನು ಕಿತ್ತುಹಾಕಿ, ಅದರ ಬದಲು `data` ಎಂಬ ಸಾಮಾನ್ಯ ಟ್ಯಾಗ್ ತಂದರು. ವೆಬ್ ಕಟ್ಟುವವರಿಂದ ಬಲವಾದ ವಿರೋಧ ಬಂತು. ಕೆಲವೇ ವಾರಗಳಲ್ಲಿ `time` ಮರಳಿತು.

ಬಿಡಿಸಿ ಹೇಳದ ಸಂಕ್ಷೇಪ

ಇನ್ನು "ತಾ." ವಿಷಯ. ಸಂಕ್ಷಿಪ್ತ ರೂಪಗಳಿಗೆ `abbr` ಇದೆ:

```html
ಸಾಗರ <abbr title="ತಾಲ್ಲೂಕು">ತಾ.</abbr>
```

ಕಂಪ್ಯೂಟರಿನಲ್ಲಿ ಮೌಸ್ ಬಾಣವನ್ನು ಅದರ ಮೇಲೆ ಒಯ್ದರೆ "ತಾಲ್ಲೂಕು" ಎಂದು ಪುಟ್ಟ ಚೀಟಿಯೊಂದು ಮೂಡುತ್ತದೆ. ನೋಡಿದವರಿಗೆ ಕೆಲಸ ಮುಗಿಯಿತು ಎನಿಸುತ್ತದೆ. ಆದರೆ ನಮ್ಮ ಜನ ಈ ಪ್ರಕಟಣೆಯನ್ನು ಓದುವುದು ಮೊಬೈಲಿನಲ್ಲಿ. ಅಲ್ಲಿ ಬಾಣವೇ ಇಲ್ಲ, ಚೀಟಿಯೂ ಮೂಡುವುದಿಲ್ಲ. ಕೀಲಿಮಣೆಯಿಂದಷ್ಟೇ ಪುಟದಲ್ಲಿ ಓಡಾಡುವವರಿಗೂ ಅದು ಸಿಗುವುದಿಲ್ಲ. ಸ್ಕ್ರೀನ್ ರೀಡರ್‌ಗಳೂ ಸಾಮಾನ್ಯವಾಗಿ, ಕೇಳಿಕೊಂಡ ಹೊರತು, ಆ ವಿವರಣೆಯನ್ನು ಓದುವುದಿಲ್ಲ. ಆದ್ದರಿಂದ ಅರ್ಥವನ್ನು `title` ಒಳಗೆ ಬಚ್ಚಿಟ್ಟು ಸುಮ್ಮನಾಗಬಾರದು. ಜಾಗವಿದ್ದಾಗ "ತಾಲ್ಲೂಕು" ಎಂದೇ ಬರೆಯಬೇಕು. ಮತ್ತೆ ಮತ್ತೆ ಬರುವ ಉದ್ದ ಹೆಸರಾದರೆ ಮೊದಲ ಸಲ "ಕನ್ನಡ ಸಾಹಿತ್ಯ ಪರಿಷತ್ತು (ಕಸಾಪ)" ಎಂದು ಬಿಡಿಸಿ ಹೇಳಿ, ಮುಂದೆ ಕಸಾಪ ಎನ್ನಬಹುದು. `abbr` ಆ ವಾಕ್ಯಕ್ಕೆ ಜೊತೆಯಾಗಬಲ್ಲದು, ವಾಕ್ಯದ ಜಾಗದಲ್ಲಿ ನಿಲ್ಲಲಾರದು.

ಕನ್ನಡದಲ್ಲಿ ಇನ್ನೊಂದು ತೊಡಕಿದೆ. ನಾವು "ಕಸಾಪದ ಸಭೆ" ಎನ್ನುತ್ತೇವೆ. ಪ್ರತ್ಯಯ ಸಂಕ್ಷೇಪಕ್ಕೇ ಅಂಟಿಕೊಂಡಿದೆ. ಟ್ಯಾಗನ್ನು "ಕಸಾಪ"ಕ್ಕೆ ಮುಗಿಸಿ "ದ"ವನ್ನು ಹೊರಗಿಡುವುದು ಸರಿ. ಆಗ `title`ನಲ್ಲಿ "ಕನ್ನಡ ಸಾಹಿತ್ಯ ಪರಿಷತ್ತು" ಎಂಬ ಮೂಲ ರೂಪ ಇಟ್ಟರೆ ಸಾಕು. ಅದನ್ನು ವಾಕ್ಯದೊಳಕ್ಕೆ ಹಾಗೆಯೇ ತಂದರೆ "ಪರಿಷತ್ತಿನ" ಆಗುವುದಿಲ್ಲ ನಿಜ. ಆದರೂ `title` ಇರುವುದು ವಾಕ್ಯ ಕಟ್ಟುವುದಕ್ಕಲ್ಲ, ಸಂಕ್ಷೇಪವನ್ನು ಬಿಡಿಸುವುದಕ್ಕೆ.

ಒತ್ತುವುದು ಐದು, ಮೂಡುವುದು ಮೂರು

ಈಗ knfnw. ನುಡಿ ತಂತ್ರಾಂಶ ಬಳಸುವವರಿಗೆ ಇದು ಕೆ.ಪಿ. ರಾವ್ ಅವರ ಕೀಲಿ ವಿನ್ಯಾಸದ ಸಾಲು ಎಂದು ಕೂಡಲೇ ಗೊತ್ತಾಗುತ್ತದೆ. `k` ಒತ್ತಿದರೆ ಕ, `n` ಒತ್ತಿದರೆ ನ, `f` ಒತ್ತಿದರೆ ಮುಂದಿನ ವ್ಯಂಜನವನ್ನು ಒತ್ತಕ್ಷರವಾಗಿಸುವ ಕೊಂಡಿ, ಮತ್ತೆ `n`, ಕೊನೆಗೆ `w` ಒತ್ತಿದರೆ ಡ. ಉಳಿದವರಿಗೆ ಅದು ಅಚ್ಚಿನ ತಪ್ಪಿನಂತೆ ಕಾಣುತ್ತದೆ. ಇವು ಓದುವ ಅಕ್ಷರಗಳಲ್ಲ, ಒತ್ತುವ ಕೀಲಿಗಳು ಎಂದು ಹೇಳಲು `kbd` ಇದೆ:

```html
<kbd>knfnw</kbd> ಒತ್ತಿದರೆ ಕನ್ನಡ ಎಂದು ಮೂಡುತ್ತದೆ.
```

ಪುಟ ವಿನ್ಯಾಸ ಮಾಡುವವರಿಗೆ ಇಲ್ಲೊಂದು ಎಚ್ಚರಿಕೆ. `kbd` ಇರುವಲ್ಲಿ ಅಕ್ಷರವನ್ನು ಕೀಲಿಯಂತೆ ಚೌಕದೊಳಗೆ ತೋರಿಸಿ, ಎಲ್ಲವನ್ನೂ ದೊಡ್ಡಕ್ಷರ ಮಾಡುವ ರೂಢಿಯಿದೆ. `Ctrl` ಮತ್ತು `S` ಕೀಲಿಗಳ ಮಟ್ಟಿಗೆ ಅದರಿಂದ ತೊಂದರೆಯಿಲ್ಲ. ಆದರೆ ಈ ವಿನ್ಯಾಸದಲ್ಲಿ ಸಣ್ಣ `n` ನ, ದೊಡ್ಡ `N` ಣ. ಸಣ್ಣ `k` ಕ, ದೊಡ್ಡ `K` ಖ. ಅಂದಕ್ಕೆಂದು ದೊಡ್ಡಕ್ಷರ ಮಾಡಿದ ಒಂದು ಸಾಲು ಕಲಿಯುವವರಿಗೆ ತಪ್ಪು ಕೀಲಿಗಳನ್ನು ಕಲಿಸಿಬಿಡುತ್ತದೆ.

ಒತ್ತಿದ್ದು ಐದು ಕೀಲಿ, ಕಣ್ಣಿಗೆ ಕಾಣುವುದು ಕ, ನ್ನ, ಡ ಎಂಬ ಮೂರು ಅಕ್ಷರ. ಕಂಪ್ಯೂಟರು ಯೂನಿಕೋಡ್‌ನಲ್ಲಿ ಉಳಿಸಿಕೊಳ್ಳುವುದೂ ಐದು ಘಟಕಗಳನ್ನೇ: ಕ, ನ, ಕೊಂಡಿ, ನ, ಡ. ಇದು ನೆನಪಿದ್ದರೆ ಮುಂದಿನ ಟ್ಯಾಗಿನ ಒಂದು ವಿಚಿತ್ರ ತಪ್ಪು ಅರ್ಥವಾಗುತ್ತದೆ.

ಹಳದಿ ಬಣ್ಣದ ಹಿಂದಿನ ಮಾತು

`mark` ಹಾಕಿದ ಪದಕ್ಕೆ ಬ್ರೌಸರ್ ಹಳದಿ ಹಿನ್ನೆಲೆ ಕೊಡುತ್ತದೆ. ಹಾಗೆಂದು ಅದು ಮುಖ್ಯ ಪದಗಳನ್ನು ಎದ್ದು ತೋರಿಸುವ ಬಣ್ಣವಲ್ಲ. ಮುಖ್ಯವಾದದ್ದಕ್ಕೆ `strong` ಬೇರೆಯೇ ಇದೆ. "ಈ ಓದುಗರಿಗೆ, ಈ ಹೊತ್ತಿಗೆ ಬೇಕಾದ ಭಾಗ ಇದು" ಎನ್ನುವುದು `mark`. ಪುಸ್ತಕದಲ್ಲಿ ಬೇಕಾದ ಸಾಲಿಗೆ ಓದುಗರು ಪೆನ್ಸಿಲ್ಲಿನಿಂದ ಗೆರೆ ಎಳೆದಂತೆ. ತರಗತಿಯ ಸ್ಥಳ ಬದಲಾದಾಗ ಹೊಸ ಸ್ಥಳಕ್ಕೆ, ಹುಡುಕಾಟದಲ್ಲಿ ಸಿಕ್ಕ ಪದಕ್ಕೆ ಅದು ತಕ್ಕುದು. ಆದರೆ ಹಳದಿ ಬಣ್ಣ ಕಿವಿಗೆ ಕೇಳುವುದಿಲ್ಲ, ಹೆಚ್ಚಿನ ಸ್ಕ್ರೀನ್ ರೀಡರ್‌ಗಳು `mark` ಬಂದಾಗ ಏನನ್ನೂ ಹೇಳುವುದಿಲ್ಲ. ಆದ್ದರಿಂದ "ಬದಲಾದ ಸ್ಥಳ:" ಎಂಬ ಎರಡು ಪದಗಳನ್ನು ಬರೆದೇ ತೀರಬೇಕು.

ಇನ್ನು ಆ ವಿಚಿತ್ರ ತಪ್ಪು. ಪುಟದೊಳಗೆ "ಕನಸು" ಹುಡುಕಹೊರಟವರು "ಕನ" ಎಂದಷ್ಟು ಟೈಪಿಸಿದ್ದಾರೆ. ಹುಡುಕುವ ತಂತ್ರಾಂಶ ಘಟಕಗಳನ್ನಷ್ಟೇ ಹೋಲಿಸುತ್ತದೆ. "ಕನ್ನಡ"ದ ಮೊದಲ ಎರಡು ಘಟಕಗಳೂ ಕ ಮತ್ತು ನ ಆದ್ದರಿಂದ ಅಲ್ಲಿಗೇ `mark` ಮುಗಿಸಿಬಿಡುತ್ತದೆ. ಒತ್ತಕ್ಷರದ ಕೊಂಡಿ ಟ್ಯಾಗಿನ ಹೊರಗೆ ಅನಾಥವಾಗಿ ಉಳಿಯುತ್ತದೆ. ಕೆಲವೆಡೆ ನ್ನ ಒಡೆದುಹೋಗಿ, ಕೊಂಡಿಯ ಜಾಗದಲ್ಲಿ ಚುಕ್ಕೆಗಳ ವೃತ್ತ ಕಾಣಿಸುತ್ತದೆ. ಕನ್ನಡ ಪುಟದಲ್ಲಿ ಆ ವೃತ್ತ ಕಂಡರೆ ಅಕ್ಷರದ ನಡುವೆ ಟ್ಯಾಗ್ ಕತ್ತರಿ ಹಾಕಿದೆಯೇ ಎಂದು ಮೊದಲು ನೋಡಿ. ಗುರುತನ್ನು ಇಡೀ ಪದಕ್ಕೆ ಹಿಗ್ಗಿಸಿದರೆ ಸರಿಹೋಗುತ್ತದೆ.

ಮಾಯವಾಗುವ ಸಂಕೇತ

ಐದನೆಯದು `code`. ತರಗತಿಯ ಟಿಪ್ಪಣಿಯಲ್ಲಿ "ಪುಟದ ಭಾಷೆ ಕನ್ನಡ ಎಂದು ತಿಳಿಸಲು `lang="kn"` ಬರೆಯಿರಿ" ಎಂಬ ಸಾಲಿದ್ದರೆ ಆ ತುಣುಕು ಕಂಪ್ಯೂಟರಿನ ಸಂಕೇತ, ಆದ್ದರಿಂದ `code`. ಒಂದು ಅಕ್ಷರ ಆಚೀಚೆಯಾದರೂ ಅದು ಕೆಡುತ್ತದೆ. ಅನುವಾದಕ ಯಂತ್ರ ಕೈಹಾಕದಿರಲಿ ಎಂದಿದ್ದರೆ ಟ್ಯಾಗಿಗೆ `translate="no"` ಸೇರಿಸಬೇಕು.

ಇಲ್ಲಿ ಎಲ್ಲರೂ ಒಮ್ಮೆಯಾದರೂ ಮಾಡುವ ತಪ್ಪು ಒಂದಿದೆ. ಟ್ಯಾಗ್‌ಗಳ ಬಗ್ಗೆಯೇ ಬರೆಯುವಾಗ `code` ಒಳಗೆ `<time>` ಎಂದು ನೇರವಾಗಿ ಬರೆದರೆ ಬ್ರೌಸರ್ ಅದನ್ನು ನಿಜವಾದ ಟ್ಯಾಗ್ ಎಂದೇ ತಿಳಿಯುತ್ತದೆ. ವಾಕ್ಯದಿಂದ ಆ ಪದವೇ ಮಾಯವಾಗುತ್ತದೆ. ಹೀಗೆ ಬರೆದರೆ ಉಳಿಯುತ್ತದೆ:

```html
<code>&lt;time&gt;</code>
```

ಬರೆದ ಪುಟವನ್ನು `validator.w3.org/nu` ಎಂಬಲ್ಲಿ ಪರೀಕ್ಷಿಸಿದರೆ ತಪ್ಪು ರೂಪದ ದಿನಾಂಕ ಸಿಕ್ಕಿಬೀಳುತ್ತದೆ. ಆದರೆ ಸಾಗರದ ಮುಂದಿನ "ತಾ."ಗೆ ಯಾರಾದರೂ "ತಾರೀಖು" ಎಂದು `title` ಕೊಟ್ಟಿದ್ದರೆ ಅದು ಆ ಪರೀಕ್ಷೆಯನ್ನು ದಾಟಿಹೋಗುತ್ತದೆ, ಏಕೆಂದರೆ ಬರೆದ ರೂಪ ಸರಿಯಾಗಿಯೇ ಇದೆ. ಅದನ್ನು ಹಿಡಿಯಲು ಮೊದಲು ಹೇಳಿದ ಫೋನಿನ ಓದೇ ಬೇಕು. ಪ್ರಕಟಣೆಯನ್ನು ಇನ್ನೊಬ್ಬರಿಗೆ ಗಟ್ಟಿಯಾಗಿ ಓದಿ. ಬರೆದದ್ದಕ್ಕಿಂತ ಒಂದು ಮಾತು ಹೆಚ್ಚು ಹೇಳಬೇಕಾಗಿ ಬಂದಲ್ಲೆಲ್ಲ ಬೆರಳಿಡಿ. ಟ್ಯಾಗ್ ಬೇಕಾಗಿರುವುದು ಅಲ್ಲಿ. ಆ ಹೆಚ್ಚಿನ ಮಾತು ಎಲ್ಲರ ಕಿವಿಗೂ ಬೀಳಬೇಕು ಎಂದಾದರೆ ಅದನ್ನು ವಾಕ್ಯದಲ್ಲೇ ಬರೆದುಬಿಡಿ.