ಪ್ರಾರ್ಥನೆ ಸಾಲಿನ ಮೊದಲ ಹುಡುಗ



ನನ್ನ ಮಗನಿಗೆ ಏಪ್ರಿಲ್‌ಗೆ ಹತ್ತು ತುಂಬಿತು. ಈಗ ಐದನೇ ಕ್ಲಾಸು. ಅವರ ಸ್ಕೂಲಿನಲ್ಲಿ ಪ್ರಾರ್ಥನೆಗೆ ಮಕ್ಕಳನ್ನು ಎತ್ತರದ ಪ್ರಕಾರ ನಿಲ್ಲಿಸುತ್ತಾರೆ. ಒಂದನೇ ಕ್ಲಾಸಿನಿಂದಲೂ ಇವನೇ ಸಾಲಿನಲ್ಲಿ ಮೊದಲು. ಆಗೆಲ್ಲ ನಾವು ನಕ್ಕು ಸುಮ್ಮನಾಗುತ್ತಿದ್ದೆವು. ಈ ಜೂನ್‌ನಲ್ಲಿ ಬಿಡಲು ಹೋದಾಗ ನೋಡಿದರೆ ಇವನಿಗೂ ಇವನ ಹಿಂದೆ ನಿಂತವನಿಗೂ ನಾಲ್ಕು ಬೆರಳು ಅಂತರ. ಹುಡುಗಿಯರಂತೂ ಇವನಿಗೆ ಅಕ್ಕಂದಿರ ಹಾಗೆ ಕಾಣುತ್ತಾರೆ. ಅಂದಿನಿಂದ ನನಗೆ ಸಮಾಧಾನವಿಲ್ಲ.

ಮನೆಯಲ್ಲಿ ಗೋಡೆಗೆ ನಿಲ್ಲಿಸಿ ಅಳೆದೆ, 125.5 ಸೆಂ.ಮೀ. ಬಂತು. ತೂಕ 24 ಕೆ.ಜಿ. ಊಟ ಮಾಡುತ್ತಾನೆ, ಆಡುತ್ತಾನೆ, ದೊಡ್ಡ ಕಾಯಿಲೆ ಅಂತ ಯಾವುದೂ ಬಂದಿಲ್ಲ. ನಮ್ಮ ಯಜಮಾನರು 163 ಸೆಂ.ಮೀ., ನಾನು 151. ಅವರನ್ನು ಕೇಳಿದರೆ, ‘ನಾನೂ ಎಸ್ಸೆಸ್ಸೆಲ್ಸಿ ತನಕ ಕುಳ್ಳನೇ, ಪಿಯುಸಿಗೆ ಹೋದ ಮೇಲೆ ಉದ್ದ ಆದೆ, ಬಿಡು’ ಅನ್ನುತ್ತಾರೆ. ನಮ್ಮತ್ತೆ, ‘ನಿಮ್ಮ ಕಡೆಯವರ ಹಾಗೆ’ ಅನ್ನುತ್ತಾರೆ. ಮೈದುನ ಎತ್ತರ ಹೆಚ್ಚಿಸುವ ಪೌಡರ್ ಒಂದು ಡಬ್ಬ ತಂದಿಟ್ಟು, ಬಾಗಿಲಿಗೆ ಕಂಬಿ ಹಾಕಿ ದಿನಾ ನೇತಾಡಿಸುತ್ತಿದ್ದಾನೆ. ಹಾರ್ಮೋನ್ ಇಂಜೆಕ್ಷನ್ ಕೊಡಿಸಬೇಕಾ? ತಡ ಮಾಡಿದ್ದೇವಾ?

— ಒಬ್ಬ ತಾಯಿ

ಅಮ್ಮಾ, ನಿಮ್ಮ ಪತ್ರದಲ್ಲಿ ಬಹಳಷ್ಟು ವಿವರ ಇದೆ, ಆದರೆ ಮುಖ್ಯವಾದ ಒಂದು ಅಂಕಿ ಇಲ್ಲ. 125.5 ಅನ್ನುವುದು ನಿಮ್ಮ ಮಗ ಇವತ್ತು ಎಲ್ಲಿದ್ದಾನೆ ಎಂದು ಮಾತ್ರ ಹೇಳುತ್ತದೆ. ಎಲ್ಲಿಂದ ಬಂದ, ಎಷ್ಟು ಬೇಗ ಬಂದ ಎಂದು ಹೇಳುವುದಿಲ್ಲ. ಅದಕ್ಕೇ ನಿಮಗೆ ಫೋನ್ ಮಾಡಿಸಿ, ಶಾಲೆಯ ಆರೋಗ್ಯ ತಪಾಸಣೆ ಕಾರ್ಡ್ ಹುಡುಕಿ ಎಂದು ಹೇಳಿಸಿದೆ. ಸಿಕ್ಕಿತು, ಒಳ್ಳೆಯದಾಯಿತು. ಮೂರನೇ ಕ್ಲಾಸಿನ ಜೂನ್‌ನಲ್ಲಿ 115, ನಾಲ್ಕನೇ ಕ್ಲಾಸಿನಲ್ಲಿ 120, ಈಗ 125.5. ಇನ್ನು ಈ ಲೆಕ್ಕವನ್ನು ಓದೋಣ. ನಿಮ್ಮ ಹಾಗೆಯೇ ಯೋಚನೆಯಲ್ಲಿರುವ ಬೇರೆ ಅಪ್ಪ ಅಮ್ಮಂದಿರಿಗೂ ಬೇಕಾದೀತು.

ಮೊದಲು ಇವತ್ತಿನ ಎತ್ತರ. ನಮ್ಮ ದೇಶದ ಮಕ್ಕಳ ವೈದ್ಯರು ಐದು ವರ್ಷದಿಂದ ಹದಿನೆಂಟರವರೆಗಿನ ಮಕ್ಕಳಿಗೆ ಬಳಸುವ ಗ್ರೋತ್ ಚಾರ್ಟನ್ನು ಭಾರತೀಯ ಮಕ್ಕಳ ವೈದ್ಯರ ಸಂಘ 2015ರಲ್ಲಿ ಪರಿಷ್ಕರಿಸಿತು. ಅದರಲ್ಲಿ ಏಳು ಗೆರೆಗಳಿವೆ. ಅದನ್ನು ಅರ್ಥ ಮಾಡಿಕೊಳ್ಳಲು ನಿಮ್ಮ ಪ್ರಾರ್ಥನೆ ಸಾಲೇ ಸಾಕು. ಒಂದೇ ವಯಸ್ಸಿನ ನೂರು ಹುಡುಗರನ್ನು ಗಿಡ್ಡನಿಂದ ಉದ್ದನವರೆಗೆ ನಿಲ್ಲಿಸಿದರೆ, ಮೂರನೆಯವನ ಎತ್ತರ ಚಾರ್ಟಿನ ಕೆಳಗಿನ ಗೆರೆ, ಐವತ್ತನೆಯವನ ಎತ್ತರ ನಡುವಿನ ಗೆರೆ. ಹತ್ತು ವರ್ಷದ ಹುಡುಗರಲ್ಲಿ ನಡುವಿನವನು ಸುಮಾರು 137 ಸೆಂ.ಮೀ. ಇರುತ್ತಾನೆ, ಮೂರನೆಯವನು ಸುಮಾರು 124. ನಿಮ್ಮ ಮಗ ಕೆಳಗಿನ ಗೆರೆಯಿಂದ ಕೂದಲೆಳೆ ಮೇಲಿದ್ದಾನೆ. ಗಿಡ್ಡ ಹೌದು, ನಿಮ್ಮ ಕಣ್ಣು ಸುಳ್ಳು ಹೇಳಿಲ್ಲ. ಆದರೆ ಸಾಲಿನಲ್ಲಿ ಯಾರೋ ಒಬ್ಬರು ಮೊದಲು ನಿಲ್ಲಲೇಬೇಕು. ಹುಡುಗಿಯರ ಜೊತೆ ಹೋಲಿಸುವುದಂತೂ ಬೇಡ. ಅವರು ಮೈನೆರೆಯುವುದು ಹುಡುಗರಿಗಿಂತ ಬೇಗ. ಹತ್ತು, ಹನ್ನೊಂದರಲ್ಲಿ ಒಮ್ಮೆಲೇ ಎತ್ತರವಾಗುತ್ತಾರೆ. ಹುಡುಗರಿಗೆ ಆ ಓಟ ಬರುವುದು ಹದಿಮೂರು, ಹದಿನಾಲ್ಕರ ಹೊತ್ತಿಗೆ.

ಎರಡನೆಯದು ಮನೆತನದ ಎತ್ತರ. ಹುಡುಗನಾದರೆ ಅಪ್ಪನ ಎತ್ತರಕ್ಕೆ ಅಮ್ಮನದನ್ನು ಕೂಡಿ, ಅದಕ್ಕೆ 13 ಸೇರಿಸಿ, ಎರಡರಿಂದ ಭಾಗಿಸಬೇಕು. ಹುಡುಗಿಯಾದರೆ 13 ಕಳೆಯಬೇಕು. ನಿಮ್ಮ ಮನೆಯ ಲೆಕ್ಕ 163.5 ಬರುತ್ತದೆ. ಅದರ ಆಚೀಚೆ ಎಂಟು ಸೆಂ.ಮೀ. ಬಿಟ್ಟರೆ, ದೊಡ್ಡವನಾದಾಗ 155ರಿಂದ 172ರ ನಡುವೆ ಎಲ್ಲೋ ನಿಲ್ಲುವ ಸಾಧ್ಯತೆ ಹೆಚ್ಚು. 163.5 ಅನ್ನುವುದೂ ಚಾರ್ಟಿನ ಕೆಳಗಿನ ಗೆರೆಗಳ ಹತ್ತಿರವೇ ಇದೆ. ಅಂದರೆ ಮಗ ತನ್ನ ಮನೆತನದ ದಾರಿಯಲ್ಲೇ ಇದ್ದಾನೆ. ‘ನಿಮ್ಮ ಕಡೆ’ ಎಂದು ನಿಮ್ಮತ್ತೆ ಅಂದದ್ದರಲ್ಲಿ ಅರ್ಧ ಸತ್ಯವಿದೆ. ಉಳಿದರ್ಧ ಅವರ ಮಗನ ಕಡೆಯದು! ಆದರೆ ಈ ಸೂತ್ರವನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ಅಪ್ಪನೋ ಅಮ್ಮನೋ ಚಿಕ್ಕವರಿದ್ದಾಗ ಹೊಟ್ಟೆಗಿಲ್ಲದೆ ಅಥವಾ ಕಾಯಿಲೆಯಿಂದ ಕುಂಠಿತರಾಗಿದ್ದರೆ ಲೆಕ್ಕ ತಪ್ಪುತ್ತದೆ. ಇಬ್ಬರಲ್ಲಿ ಒಬ್ಬರು ತೀರಾ ಗಿಡ್ಡಗಿದ್ದರೆ, ಅವರಿಗೇ ವಂಶವಾಹಿಯ ತೊಂದರೆ ಇದೆಯೇ ಎಂದು ನೋಡಬೇಕಾಗುತ್ತದೆ.

ನಾನು ಹೆಚ್ಚು ಬೆಲೆ ಕೊಡುವುದು ಮೂರನೆಯದಕ್ಕೆ, ವೇಗಕ್ಕೆ. ನಾಲ್ಕು ವರ್ಷದಿಂದ ಮೈನೆರೆಯುವವರೆಗೆ ಆರೋಗ್ಯವಾಗಿರುವ ಮಗು ವರ್ಷಕ್ಕೆ ಐದಾರು ಸೆಂ.ಮೀ. ಬೆಳೆಯುತ್ತದೆ. ನಿಮ್ಮ ಮಗ ಮೊದಲ ವರ್ಷ 5, ಎರಡನೇ ವರ್ಷ 5.5 ಬೆಳೆದಿದ್ದಾನೆ. ಎರಡು ವರ್ಷದ ಹಿಂದೆಯೂ ಕೆಳಗಿನ ಗೆರೆಯ ಮೇಲೇ ಇದ್ದ, ಈಗಲೂ ಅಲ್ಲೇ ಇದ್ದಾನೆ. ಗೆರೆ ಬಿಟ್ಟು ಜಾರಿಲ್ಲ.

ಈಗ ಇದೇ ವಯಸ್ಸಿನ, ಇದೇ 125.5 ಸೆಂ.ಮೀ.ನ ಇನ್ನೊಬ್ಬ ಹುಡುಗನನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ. ಅವನು ಎರಡು ವರ್ಷದ ಹಿಂದೆ 121 ಇದ್ದ ಎಂದುಕೊಳ್ಳೋಣ. ಆಗ ಅವನು ಸಾಲಿನಲ್ಲಿ ಮೊದಲಿಗನಾಗಿರಲಿಲ್ಲ, ಇಪ್ಪತ್ತರ ಆಸುಪಾಸಿನಲ್ಲಿದ್ದ. ಎರಡು ವರ್ಷದಲ್ಲಿ ಬೆಳೆದದ್ದು ನಾಲ್ಕೂವರೆ ಸೆಂ.ಮೀ. ಮಾತ್ರ. ಇಬ್ಬರ ಹೆಗಲೂ ಒಂದೇ ಮಟ್ಟದಲ್ಲಿವೆ, ಆದರೆ ಈ ಎರಡನೆಯವನನ್ನು ನಾನು ‘ನೋಡೋಣ, ಕಾಯೋಣ’ ಎಂದು ಮನೆಗೆ ಕಳಿಸುವುದಿಲ್ಲ. ಈ ವಯಸ್ಸಿನಲ್ಲಿ ವರ್ಷಕ್ಕೆ ನಾಲ್ಕು ಸೆಂ.ಮೀ.ಗಿಂತ ಕಡಿಮೆ ಬೆಳೆದರೆ ಕಾರಣ ಹುಡುಕಲೇಬೇಕು.

ಹುಡುಕುವಾಗ ನಮಗೆ ಮೊದಲ ಸುಳಿವು ಕೊಡುವುದು ತೂಕ. ಆಹಾರದ ಕೊರತೆಯೋ, ಹೊಟ್ಟೆ ಕರುಳಿನ ತೊಂದರೆಯೋ ಇದ್ದರೆ ಮಗು ಮೊದಲು ಸೊರಗುತ್ತದೆ, ಎತ್ತರ ನಿಲ್ಲುವುದು ಆಮೇಲೆ. ಹಾರ್ಮೋನಿನ ತೊಂದರೆಯಾದರೆ ಉಲ್ಟಾ. ಎತ್ತರ ನಿಂತಿರುತ್ತದೆ, ಮೈ ಮಾತ್ರ ತುಂಬಿಕೊಂಡಿರುತ್ತದೆ. ‘ಡುಮ್ಮಣ್ಣ’ ಎಂದು ಎಲ್ಲರೂ ಕೆನ್ನೆ ಹಿಂಡುವ, ಆದರೆ ಎರಡು ವರ್ಷದಿಂದ ಚಡ್ಡಿಯ ಉದ್ದ ಬದಲಾಗದ ಮಗುವಿನ ಬಗ್ಗೆಯೇ ನನಗೆ ಹೆಚ್ಚು ಚಿಂತೆ. ಜೊತೆಗೆ ಮಲಬದ್ಧತೆ, ಒಣ ಚರ್ಮ, ಚಳಿ ತಡೆಯಲಾಗದಿರುವುದು, ಮಂಕು ಇದ್ದರೆ ಥೈರಾಯ್ಡ್ ಪರೀಕ್ಷೆ ಮಾಡಿಸದೆ ಮುಂದೆ ಹೋಗುವುದಿಲ್ಲ. ಥೈರಾಯ್ಡ್ ಕಡಿಮೆ ಇದೆ ಎಂದು ಗೊತ್ತಾದರೆ ದಿನಕ್ಕೊಂದು ಅಗ್ಗದ ಮಾತ್ರೆಯಲ್ಲಿ ಬೆಳವಣಿಗೆ ಮತ್ತೆ ಶುರುವಾಗುತ್ತದೆ. ತಡವಾದಷ್ಟೂ ಕಳೆದುಕೊಂಡದ್ದು ಪೂರ್ತಿ ಮರಳುವುದಿಲ್ಲ. ರಕ್ತಹೀನತೆ, ಮೂತ್ರಪಿಂಡದ ತೊಂದರೆ, ಗೋಧಿ ಒಗ್ಗದ ಸೀಲಿಯಾಕ್ ಕಾಯಿಲೆ, ಇವನ್ನೂ ಸಾಮಾನ್ಯ ರಕ್ತ, ಮೂತ್ರ ಪರೀಕ್ಷೆಗಳಿಂದಲೇ ಹಿಡಿಯಲು ಶುರು ಮಾಡಬಹುದು. ಕಾರಣ ತಿಳಿಯದೆ ತೀರಾ ಗಿಡ್ಡಗಿರುವ ಹುಡುಗಿಯಾದರೆ, ಬೇರೆ ಯಾವ ಲಕ್ಷಣವೂ ಕಾಣದಿದ್ದರೂ ಕ್ರೋಮೋಸೋಮ್ ಪರೀಕ್ಷೆ ಮಾಡಿಸಬೇಕು. ಟರ್ನರ್ ಸಿಂಡ್ರೋಮ್ ಎಷ್ಟೋ ಸಲ ಗಿಡ್ಡತನವೊಂದನ್ನೇ ತೋರಿಸಿಕೊಂಡು ಬರುತ್ತದೆ. ಹುಡುಗಿಯರ ವಿಷಯದಲ್ಲಿ ಕಾಯುವ ಹಾಗೂ ಇಲ್ಲ. ಮುಟ್ಟು ಶುರುವಾದ ಮೇಲೆ ಸಾಮಾನ್ಯವಾಗಿ ಐದಾರು ಸೆಂ.ಮೀ. ಬೆಳೆಯುವುದಷ್ಟೇ ಉಳಿದಿರುತ್ತದೆ.

ನಿಮ್ಮ ಯಜಮಾನರ ಮಾತಿಗೆ ಬರುತ್ತೇನೆ. ‘ಪಿಯುಸಿಯಲ್ಲಿ ಉದ್ದ ಆದೆ’ ಎಂಬುದನ್ನು ಮನೆಯವರು ಜಂಬ ಎಂದುಕೊಳ್ಳಬಹುದು, ನನಗೆ ಅದು ಕೇಸ್ ಶೀಟಿನಲ್ಲಿ ಬರೆದಿಡುವ ಮಾಹಿತಿ. ಕೆಲವು ಮನೆತನಗಳಲ್ಲಿ ದೇಹದ ಗಡಿಯಾರವೇ ನಿಧಾನ. ಮೀಸೆ ತಡ, ದನಿ ಒಡೆಯುವುದು ತಡ, ಎತ್ತರವೂ ತಡ. ಇದು ಹೌದೋ ಅಲ್ಲವೋ ನೋಡಲು ಎಡಗೈಯ ಮಣಿಕಟ್ಟು, ಬೆರಳುಗಳ ಒಂದು ಎಕ್ಸ್‌ರೇ ಸಾಕು. ಮಣಿಕಟ್ಟಿನ ಪುಟ್ಟ ಮೂಳೆಗಳು ಎಷ್ಟು ರೂಪುಗೊಂಡಿವೆ, ಬೆರಳ ಮೂಳೆಗಳ ತುದಿಯಲ್ಲಿ ಬೆಳೆಯುವ ಮೆದು ಪಟ್ಟಿ ಎಷ್ಟು ತೆರೆದಿದೆ ಎಂದು ನೋಡಿ ಮೂಳೆಯ ವಯಸ್ಸು ಹೇಳುತ್ತೇವೆ. ನಾವು ಹೋಲಿಸಿ ನೋಡುವ ಗ್ರೂಲಿಕ್ ಮತ್ತು ಪೈಲ್ ಅವರ ಚಿತ್ರಪುಸ್ತಕದ ಎರಡನೇ ಮುದ್ರಣ 1959ರದ್ದು. ಅದರಲ್ಲಿರುವುದು ಅಮೆರಿಕದ ಕ್ಲೀವ್‌ಲ್ಯಾಂಡ್‌ನ ಮಕ್ಕಳ ಕೈಗಳು. ಆದ್ದರಿಂದ ಆರು ತಿಂಗಳು, ಒಂದು ವರ್ಷದ ವ್ಯತ್ಯಾಸಕ್ಕೆ ನಾವು ತಲೆ ಕೆಡಿಸಿಕೊಳ್ಳುವುದಿಲ್ಲ. ನಿಮ್ಮ ಮಗನ ಮೂಳೆ ಎಂಟೂವರೆ ವರ್ಷದ್ದೆಂದು ಬಂದರೆ ಹೆದರಬೇಡಿ. ಅವನಿಗೆ ಓರಗೆಯವರಿಗಿಂತ ಹೆಚ್ಚು ವರ್ಷ ಬೆಳೆಯಲು ಅವಕಾಶವಿದೆ ಎಂದರ್ಥ. ಹತ್ತು ವರ್ಷದ್ದೇ ಎಂದು ಬಂದರೆ ಮನೆತನದ ಎತ್ತರ ಎಂದು ಒಪ್ಪಿಕೊಳ್ಳಬೇಕು. ಥೈರಾಯ್ಡ್ ತೊಂದರೆಯಲ್ಲೂ ಮೂಳೆ ಹಿಂದುಳಿಯುತ್ತದೆ, ಆದ್ದರಿಂದ ವೇಗದ ಲೆಕ್ಕವಿಲ್ಲದೆ ಎಕ್ಸ್‌ರೇ ಒಂದನ್ನೇ ಹಿಡಿದುಕೊಂಡು ತೀರ್ಮಾನ ಮಾಡಲಾಗದು.

ಇಂಜೆಕ್ಷನ್ ಈಗ ಬೇಡ. ಬೆಳವಣಿಗೆಯ ಹಾರ್ಮೋನ್ ನಿಜವಾಗಿ ಕೊರತೆಯಿರುವ ಮಕ್ಕಳಿಗೆ, ಟರ್ನರ್‌ನಂಥ ಕೆಲವು ಸ್ಥಿತಿಗಳಿಗೆ ಅದು ದೊಡ್ಡ ವರವೇ. ಆದರೆ ಚರ್ಮದಡಿಗೆ ಸಾಮಾನ್ಯವಾಗಿ ಪ್ರತಿ ರಾತ್ರಿ ಚುಚ್ಚಬೇಕು, ವರ್ಷಗಟ್ಟಲೆ, ಖರ್ಚೂ ಭಾರಿ. ಕೊರತೆಯಿಲ್ಲದ ಗಿಡ್ಡ ಮಗುವಿಗೆ ಅಷ್ಟು ವರ್ಷ ಕೊಟ್ಟರೂ ಸಿಗುವುದು ಕೆಲವೇ ಸೆಂ.ಮೀ. ಲ್ಯಾಬಿನಲ್ಲಿ ನೀವಾಗಿಯೇ ‘ಗ್ರೋತ್ ಹಾರ್ಮೋನ್’ ಎಂದು ರಕ್ತ ಕೊಟ್ಟು ಬರಬೇಡಿ. ಅದು ಬಿಟ್ಟು ಬಿಟ್ಟು, ಮುಖ್ಯವಾಗಿ ನಿದ್ದೆಯಲ್ಲಿ ಸುರಿಯುವ ಹಾರ್ಮೋನು. ಬೆಳಿಗ್ಗೆ ಹತ್ತು ಗಂಟೆಗೆ ತೆಗೆದ ರಕ್ತದಲ್ಲಿ ಆರೋಗ್ಯವಂತ ಮಗುವಿಗೂ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ ಬರಬಹುದು. ಔಷಧಿ ಕೊಟ್ಟು ಅದನ್ನು ಕೆರಳಿಸಿ, ಗಂಟೆಗಳ ಕಾಲ ಸಾಲಾಗಿ ರಕ್ತ ತೆಗೆದು ನೋಡುವ ಪರೀಕ್ಷೆಯೇ ಬೇರೆ. ಅದನ್ನು ಮಕ್ಕಳ ಹಾರ್ಮೋನ್ ತಜ್ಞರು ಮಾಡಿಸುತ್ತಾರೆ.

ಪೌಡರ್ ಡಬ್ಬ ಮುಗಿದರೆ ಮತ್ತೆ ತರಬೇಡಿ. ಮೊಟ್ಟೆ, ಹಾಲು, ಬೇಳೆ, ಕಾಳು ತಿನ್ನುವ ಮಗುವಿಗೆ ಅದರಿಂದ ಎತ್ತರ ಸಿಗುವುದಿಲ್ಲ, ಸಕ್ಕರೆ ಸಿಗುತ್ತದೆ. ಕಂಬಿಗೆ ನೇತಾಡಿದರೆ ಮೂಳೆ ಉದ್ದವಾಗದು. ಖುಷಿಯಾದರೆ ಆಡಿಕೊಳ್ಳಲಿ, ಮೈದುನನ ಮನಸ್ಸು ನೋಯಿಸುವುದು ಬೇಡ.

ಇನ್ನು ನೀವು ಮಾಡಬೇಕಾದ್ದು. ಟೈಲರ್ ಟೇಪು ಎಳೆದರೆ ಹಿಗ್ಗುತ್ತದೆ, ಬಡಗಿಯ ಉಕ್ಕಿನ ಟೇಪು ತೆಗೆದುಕೊಳ್ಳಿ. ಸ್ಕರ್ಟಿಂಗ್ ಇಲ್ಲದ ಗೋಡೆ ಆರಿಸಿ. ಬರಿಗಾಲಲ್ಲಿ ನಿಲ್ಲಿಸಿ, ಹಿಮ್ಮಡಿ, ಕುಂಡಿ, ಹೆಗಲು, ತಲೆಯ ಹಿಂಬದಿ ಗೋಡೆಗೆ ತಾಗಲಿ. ಗಲ್ಲ ಎತ್ತದೆ ನೇರವಾಗಿ ಎದುರಿಗೆ ನೋಡಲಿ. ರಟ್ಟಿನ ಪುಸ್ತಕವನ್ನು ಗೋಡೆಗೆ ಒತ್ತಿ, ಕೂದಲು ಅಮುಕಿ, ತಲೆಯ ಮೇಲಿಟ್ಟು ಗುರುತು ಹಾಕಿ. ಸಂಜೆ ಹೊತ್ತಿಗೆ ಬೆನ್ನುಹುರಿಯ ಸುತ್ತಲ ಮೂಳೆಗಳ ನಡುವಿನ ಮೆತ್ತೆ ಅಮುಕಿಕೊಂಡು ಸುಮಾರು ಒಂದು ಸೆಂ.ಮೀ. ಕಡಿಮೆ ಬರಬಹುದು. ಆದ್ದರಿಂದ ಯಾವಾಗಲೂ ಬೆಳಿಗ್ಗೆಯೇ ಅಳೆಯಿರಿ. ತಿಂಗಳಿಗೊಮ್ಮೆ ಬೇಡ, ಅಳತೆಯ ತಪ್ಪೇ ಬೆಳವಣಿಗೆಯ ಹಾಗೆ ಕಾಣುತ್ತದೆ. ಆರು ತಿಂಗಳಿಗೊಮ್ಮೆ ಸಾಕು.

ಹದಿಮೂರರ ಹೊತ್ತಿಗೆ ಗೆಳೆಯರೆಲ್ಲ ಒಮ್ಮೆಲೇ ಎತ್ತರವಾದಾಗ ಇವನು ಇನ್ನಷ್ಟು ಗಿಡ್ಡಗೆ ಕಾಣುತ್ತಾನೆ. ಅವನಪ್ಪನ ಕಥೆಯನ್ನು ಅದಕ್ಕೆ ಮೊದಲೇ ಅವನಿಗೆ ಹೇಳಿಡಿ. ಹದಿನಾಲ್ಕು ತುಂಬಿದರೂ ಮೈನೆರೆಯುವ ಲಕ್ಷಣ ಕಾಣದಿದ್ದರೆ ಕರೆದುಕೊಂಡು ಬನ್ನಿ. ತಲೆನೋವಿನ ಜೊತೆ ವಾಂತಿ, ದೃಷ್ಟಿ ಮಂಜಾಗುವುದು, ತೂಕ ಇಳಿಯುವುದು ಕಂಡರೆ ಅಷ್ಟು ದಿನವೂ ಕಾಯಬೇಡಿ. ಸದ್ಯಕ್ಕೆ ಡಿಸೆಂಬರ್‌ನಲ್ಲಿ ಒಮ್ಮೆ ಅಳೆದು ಬರೆಯಿರಿ. 128ರ ಆಸುಪಾಸು ಬಂದರೆ ಮುಂದಿನ ಅಳತೆ ಜೂನ್‌ನಲ್ಲಿ. 127 ದಾಟದಿದ್ದರೆ, ಹಳೆಯ ಕಾರ್ಡ್ ಸಮೇತ ಮಗನನ್ನು ಕರೆತನ್ನಿ.