‘ವೆನ್ ಐ ಅರೈವ್’: ನಾಳೆಯ ಮಾತಿಗೆ ‘ವಿಲ್’ ಏಕಿಲ್ಲ?

ಇಂಗ್ಲಿಷಿನಲ್ಲಿ ‘ವೆನ್’, ‘ಬಿಫೋರ್’, ‘ಆಫ್ಟರ್’, ‘ಅನ್‌ಟಿಲ್’ ಮೊದಲಾದ ಪದಗಳಿಂದ ಶುರುವಾಗಿ ಸಮಯವನ್ನು ಗುರುತಿಸುವ ಉಪವಾಕ್ಯದಲ್ಲಿ, ಸಂಗತಿ ನಾಳೆಯದಾದರೂ ಕ್ರಿಯಾಪದ ವರ್ತಮಾನ ರೂಪದಲ್ಲೇ ಇರುತ್ತದೆ. ‘ಐ ವಿಲ್ ಕಾಲ್ ಯು ವೆನ್ ಐ ಅರೈವ್’ ಸರಿ. ‘ವೆನ್ ಐ ವಿಲ್ ಅರೈವ್’ ತಪ್ಪು.

ಫೋನ್ ಮಾಡುವುದು ಮುಂದಿನ ಮಾತು ಎಂಬುದನ್ನು ಮುಖ್ಯವಾಕ್ಯದ ‘ವಿಲ್’ ಆಗಲೇ ತಿಳಿಸಿಬಿಟ್ಟಿದೆ. ಉಪವಾಕ್ಯದ ಕೆಲಸ ಬೇರೆ. ತಲುಪುತ್ತೇನೆ ಎಂಬ ಹೊಸ ಸುದ್ದಿಯನ್ನು ಅದು ಕೊಡುತ್ತಿಲ್ಲ. ತಲುಪುವುದನ್ನು ಆಗಿಯೇ ಆಗುವ ಸಂಗತಿ ಎಂದಿಟ್ಟುಕೊಂಡು, ಫೋನಿನ ಹೊತ್ತನ್ನು ಅದಕ್ಕೆ ಕಟ್ಟುತ್ತದೆ. ‘ವಿಲ್’ ಬಂದರೆ ಆ ಗೂಟವೇ ಇನ್ನೊಂದು ಭವಿಷ್ಯವಾಣಿಯಾಗುತ್ತದೆ.

ಇದರ ಹಿಂದೆ ಇತಿಹಾಸವೂ ಇದೆ. ಹಳೆಯ ಇಂಗ್ಲಿಷಿನಲ್ಲಿ ಭವಿಷ್ಯಕ್ಕೆಂದೇ ಪ್ರತ್ಯೇಕ ಕ್ರಿಯಾರೂಪ ಇರಲಿಲ್ಲ. ವರ್ತಮಾನ ರೂಪವೇ ಎರಡಕ್ಕೂ ಸಲ್ಲುತ್ತಿತ್ತು. ‘ವಿಲ್’ನ ಮೂಲ ಅರ್ಥ ‘ಬಯಸು’. ಅದು ಭವಿಷ್ಯದ ಗುರುತಾಗಿ ಬೆಳೆದಮೇಲೂ ಸಮಯದ ಉಪವಾಕ್ಯದಲ್ಲಿ ಹಳೆಯ ರೂಢಿ ಉಳಿಯಿತು. ಇದು ಎಲ್ಲ ಭಾಷೆಗಳಿಗೂ ಅನ್ವಯಿಸುವ ತರ್ಕವೇನಲ್ಲ. ಫ್ರೆಂಚಿನಲ್ಲಿ ಇದೇ ಜಾಗದಲ್ಲಿ ಭವಿಷ್ಯ ರೂಪವೇ ಬರುತ್ತದೆ.

ಕನ್ನಡ ಇನ್ನೂ ಒಂದು ಹೆಜ್ಜೆ ಆಚೆಗೆ ಹೋಗುತ್ತದೆ. ‘ನಾಳೆ ಊರಿಗೆ ಬಂದಾಗ ಫೋನ್ ಮಾಡುತ್ತೇನೆ’ ಎನ್ನುವಲ್ಲಿ ‘ಬಂದ’ ಎಂಬುದು ಭೂತಕಾಲದ ರೂಪ. ಬರುವುದು ನಾಳೆ, ರೂಪ ಮಾತ್ರ ನಿನ್ನೆಯದು! ಯಾರಿಗೂ ಗೊಂದಲವಾಗುವುದಿಲ್ಲ, ಏಕೆಂದರೆ ಕಾಲವನ್ನು ಹೇಳುವ ಹೊಣೆ ‘ಮಾಡುತ್ತೇನೆ’ಯ ಮೇಲಿದೆ.

ತೊಡಕು ಇರುವುದು ‘ವೆನ್’ಗೆ ಎರಡು ಕೆಲಸಗಳಿರುವುದರಲ್ಲಿ. ‘ಟೆಲ್ ಮಿ ವೆನ್ ಯು ಆರ್ ರೆಡಿ’ ಎಂದರೆ ಸಾಮಾನ್ಯವಾಗಿ ‘ಸಿದ್ಧವಾದಾಗ ಹೇಳಿ’ ಎಂದರ್ಥ; ಹೇಳುವುದು ಸಿದ್ಧವಾದ ಆ ಹೊತ್ತಿಗೆ. ‘ಟೆಲ್ ಮಿ ವೆನ್ ಯು ವಿಲ್ ಬಿ ರೆಡಿ’ ಎಂದರೆ ‘ಯಾವಾಗ ಸಿದ್ಧವಾಗುತ್ತೀರಿ ಹೇಳಿ’. ಉತ್ತರ ಈಗಲೇ ಬೇಕು. ಎರಡನೆಯದರಲ್ಲಿ ‘ವೆನ್’ ಪ್ರಶ್ನಾರ್ಥಕ ಪದ, ಅದರಿಂದ ಶುರುವಾಗುವ ಉಪವಾಕ್ಯವೇ ಹೇಳಬೇಕಾದ ವಿಷಯ. ಹಾಗಾಗಿ ಅಲ್ಲಿ ‘ವಿಲ್’ ಸಹಜ. ‘ಐ ಡೋಂಟ್ ನೋ ವೆನ್ ಹಿ ವಿಲ್ ಕಮ್’ ಕೂಡ ಹೀಗೆಯೇ ಸರಿ. ‘ವೆನ್ ನಂತರ ವಿಲ್ ಬರಲೇಬಾರದು’ ಎಂದು ಬಾಯಿಪಾಠ ಮಾಡಿದವರು ಎಡವುವುದು ಇಲ್ಲೇ.

ಕನ್ನಡಿಗರ ಕೈಯಲ್ಲಿ ಒಂದು ಸುಲಭ ಪರೀಕ್ಷೆಯಿದೆ. ವಾಕ್ಯವನ್ನು ಆಡುಮಾತಿನ ಕನ್ನಡದಲ್ಲಿ ಹೇಳಿಕೊಂಡಾಗ ‘ಬಂದಾಗ’, ‘ಮುಗಿದಾಗ’ ಎಂದು ಬಂದರೆ ‘ವಿಲ್’ ಬೇಡ. ‘ಯಾವಾಗ’ ಎಂಬ ಪ್ರಶ್ನೆ ಬಂದರೆ ‘ವಿಲ್’ ಇರಬಹುದು. ‘ಯಾವಾಗ ಬರುತ್ತೇನೋ ಆಗ ಹೇಳುತ್ತೇನೆ’ ಎಂಬಂಥ ಜೋಡಿವಾಕ್ಯದಲ್ಲಿ ಈ ಪರೀಕ್ಷೆ ಕೈಕೊಡುತ್ತದೆ. ಅಲ್ಲಿನ ‘ಯಾವಾಗ’ ಏನನ್ನೂ ಕೇಳುತ್ತಿಲ್ಲ. ಅದನ್ನು ‘ಬಂದಾಗ’ ಎಂದು ಬದಲಿಸಿಕೊಂಡು ನೋಡಬೇಕು.